ಬೆಂಕಿಗೆ ಮೊದಲು ನೀರು: ‘ರಾಗಿ ತಿನ್ನಿ, ರಕ್ತ ಬರುತ್ತೆ’ ಅನ್ನುವವರಿಗೆ ಒಂದು ಪ್ರಶ್ನೆ

ಹೋದ ವರ್ಷ ನಮ್ಮ ಹೋಬಳಿಯಲ್ಲಿ ಒಂದು ಆರೋಗ್ಯ ಶಿಬಿರ ನಡೆಯಿತು. ವರದಿಗೆಂದು ಹೋಗಿದ್ದೆ. ಬೆರಳು ಚುಚ್ಚಿ ರಕ್ತ ಪರೀಕ್ಷೆ ಮಾಡುವ ಮೇಜಿನ ಮುಂದೆ ಹೆಂಗಸರ ಸಾಲು. ಕೂಲಿಗೆ ಹೋಗುವ ಒಬ್ಬ ಹೆಂಗಸಿಗೆ ಹಿಮೋಗ್ಲೋಬಿನ್ 9.1 ಅಂತ ಬಂತು. ಮೇಜಿನ ಹಿಂದೆ ಇದ್ದವರು ಗದರಿದರು: “ಏನಮ್ಮಾ, ರಾಗಿ ತಿನ್ನೋದಿಲ್ವಾ? ರಾಗೀಲಿ ಎಷ್ಟೊಂದು ಕಬ್ಬಿಣ ಇದೆ ಗೊತ್ತಾ?”

ಆಕೆ ಮೆಲ್ಲಗೆ ಹೇಳಿದಳು: “ನಾವು ಮೂರು ಹೊತ್ತೂ ತಿನ್ನೋದು ರಾಗೀನೇ ಸ್ವಾಮಿ.”

ಆ ಮಾತಿಗೆ ಅಲ್ಲಿ ಯಾರೂ ಉತ್ತರ ಕೊಡಲಿಲ್ಲ. ಮುಂದಿನವರನ್ನು ಕರೆದರು. ನಾನೂ ಆ ಮಾತನ್ನು ಬರೆಯಲಿಲ್ಲ. ‘ರಾಗಿ ಸೇವನೆಯಿಂದ ರಕ್ತಹೀನತೆ ದೂರ’ ಅಂತ ತಲೆಬರಹ ಕೊಟ್ಟು ಸುದ್ದಿ ಕಳಿಸಿದೆ, ಅದು ಅಚ್ಚೂ ಆಯಿತು. ಇವತ್ತು ಬರೆಯುತ್ತಿರುವುದು ಆ ತಪ್ಪನ್ನು ತಿದ್ದಲು.

ಆಕೆಯ ಮಾತು ಸರಿಯಾಗಿತ್ತು, ಗದರಿದವರದು ಅರ್ಧ ಸರಿ. ರಾಗಿಯಲ್ಲಿ ಕಬ್ಬಿಣಾಂಶ ಇರುವುದು ನಿಜ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದಲ್ಲಿ 100 ಗ್ರಾಂ ರಾಗಿಗೆ ಸುಮಾರು 4.6 ಮಿಲಿಗ್ರಾಂ ಕಬ್ಬಿಣ ಅಂತಿದೆ. ಆದರೆ ಕಾಳಿನಲ್ಲಿ ಇರುವುದೆಲ್ಲ ರಕ್ತಕ್ಕೆ ಸೇರುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ಆ ಪೂಜಾರಿಯ ಹೆಸರು ಫೈಟಿಕ್ ಆಮ್ಲ.

ಈ ಪೂಜಾರಿ ಯಾರು?

ಫೈಟಿಕ್ ಆಮ್ಲ ಯಾರೋ ಹೊರಗಿನಿಂದ ಬೆರೆಸಿದ್ದಲ್ಲ, ವಿಷವೂ ಅಲ್ಲ. ಅದು ಬೀಜದ ಉಗ್ರಾಣ. ಮುಂದೆ ಮೊಳಕೆ ಒಡೆಯುವ ಸಸಿಗೆ ರಂಜಕ ಬೇಕು. ನಾವು ಹೊಲಕ್ಕೆ ಡಿಎಪಿಯಲ್ಲಿ ಹಾಕುತ್ತೇವಲ್ಲ, ಅದೇ ರಂಜಕ. ತಾಯಿ ಗಿಡ ಬೀಜ ಕಟ್ಟುವಾಗಲೇ ಅದರ ಹೆಚ್ಚಿನ ಪಾಲನ್ನು ಫೈಟಿಕ್ ಆಮ್ಲದ ರೂಪದಲ್ಲಿ ಒಳಗೆ ಬೀಗ ಹಾಕಿ ಇಟ್ಟಿರುತ್ತದೆ. ರಾಗಿ, ಗೋಧಿ, ಭತ್ತ, ಜೋಳ, ಹುರುಳಿ, ಕಡಲೆ, ಎಲ್ಲ ಕಾಳಲ್ಲೂ ಇದು ಇದೆ.

ತೊಂದರೆ ಏನೆಂದರೆ, ಈ ಆಮ್ಲಕ್ಕೆ ಕಬ್ಬಿಣ, ಸತು, ಕ್ಯಾಲ್ಸಿಯಂ ಸಿಕ್ಕರೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಹಿಡಿತ ಬಿಡಿಸುವ ಕಿಣ್ವಕ್ಕೆ ಫೈಟೇಸ್ ಅಂತ ಹೆಸರು. ಹಸುವಿನ ಹೊಟ್ಟೆಯಲ್ಲಿ ಆ ಕೆಲಸ ಮಾಡುವ ಸೂಕ್ಷ್ಮಜೀವಿಗಳಿವೆ. ಮನುಷ್ಯನ ಕರುಳಿನಲ್ಲಿ ಅದು ನಡೆಯುವುದು ಅತ್ಯಲ್ಪ. ಹಾಗಾಗಿ ಮುದ್ದೆಯಲ್ಲಿದ್ದ ಕಬ್ಬಿಣದ ಬಹುಪಾಲು ಹೊಟ್ಟೆಗೆ ಹೋದ ಹಾಗೆಯೇ ಆಚೆಗೂ ಹೋಗುತ್ತದೆ.

ಒಂದು ಲೆಕ್ಕ ಹೇಳುತ್ತೇನೆ, ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು. ಅದೇ ಕೋಷ್ಟಕದ ಪ್ರಕಾರ ಲೆಕ್ಕ ಹಾಕಿದರೆ ರಾಗಿಯಲ್ಲಿ ಕಬ್ಬಿಣದ ಒಂದು ಕಣಕ್ಕೆ ಫೈಟಿಕ್ ಆಮ್ಲದ ಐದಾರು ಕಣ ಕಾವಲಿವೆ. ಈ ಕಾವಲು ಒಂದಕ್ಕಿಂತ ಕೆಳಗೆ ಇಳಿದಾಗಲೇ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುವುದು ಅಂತ ಪೋಷಣೆಯ ಸಂಶೋಧಕರು ಹೇಳುತ್ತಾರೆ. ಐದಾರಿದ್ದದ್ದು ಒಂದಕ್ಕೆ ಇಳಿಯಬೇಕು. ಕೆಂಪು ರಾಗಿಯ ಸಿಪ್ಪೆಯಲ್ಲಿ ಟ್ಯಾನಿನ್ ಅನ್ನುವ ಒಗರೂ ಇದೆ, ಅದೂ ಕಬ್ಬಿಣಕ್ಕೆ ಅಡ್ಡ.

ಬೀಗದ ಕೀಲಿ ಕಾಳಲ್ಲೇ ಇದೆ, ನಾವು ಸುಡುತ್ತಿದ್ದೇವೆ

ಸಸಿಗೆ ಆ ರಂಜಕ ಬೇಕಾದಾಗ ಅದು ಉಗ್ರಾಣದ ಬೀಗ ತೆಗೆಯಲೇಬೇಕಲ್ಲ? ಅದಕ್ಕೆ ಬೇಕಾದ ಫೈಟೇಸ್ ಕಾಳಿನಲ್ಲೇ ಇದೆ, ಮೊಳಕೆ ಬರುವಾಗ ಇನ್ನಷ್ಟು ಹುಟ್ಟುತ್ತದೆ. ಒಣಗಿದ ಕಾಳಿನಲ್ಲಿ ಅದು ಮಲಗಿರುತ್ತದೆ. ನೀರು ತಾಗಿ, ಬೆಚ್ಚಗಿದ್ದು, ಸ್ವಲ್ಪ ಹುಳಿ ಬಂದರೆ ಎದ್ದು ಕೆಲಸ ಮಾಡುತ್ತದೆ. ನೆನೆಹಾಕುವುದು, ಮೊಳಕೆ ಕಟ್ಟುವುದು, ಹುಳಿ ಬರಿಸುವುದು, ಈ ಮೂರರ ಒಳಗುಟ್ಟು ಇದೇ.

ಆದರೆ ಜೋರು ಬೆಂಕಿ ತಾಗಿದರೆ ಈ ಕಿಣ್ವ ಸಾಯುತ್ತದೆ. ಫೈಟಿಕ್ ಆಮ್ಲವೋ ಬೆಂಕಿಗೆ ಸುಲಭವಾಗಿ ಬಗ್ಗುವುದಿಲ್ಲ. ಕುಕ್ಕರಿನಲ್ಲಿ ಐದು ವಿಷಲ್ ಕೂಗಿಸಿದರೂ ಬಹುಪಾಲು ಹಾಗೇ ಉಳಿಯುತ್ತದೆ. ಅಂದರೆ ಮೊದಲೇ ಹುರಿದರೆ ಕೀಲಿ ಸುಟ್ಟುಹೋಗಿ ಬೀಗ ಮಾತ್ರ ಉಳಿಯುತ್ತದೆ. ಹುರಿದ ಹಿಟ್ಟನ್ನು ಆಮೇಲೆ ಎಷ್ಟು ಹೊತ್ತು ನೆನೆಸಿದರೂ ಬೀಗ ತೆಗೆಯುವವರಿಲ್ಲ. ಮೊದಲು ನೀರು, ಕೊನೆಗೆ ಬೆಂಕಿ. ಇಷ್ಟೇ ಸೂತ್ರ.

‘ಮಾಲ್ಟ್’ ಅಂದರೆ ಏನು ಅಂತ ಗೊತ್ತಿದೆಯಾ?

ಅದೇ ಶಿಬಿರದ ಪಕ್ಕದಲ್ಲಿ ಒಂದು ಮಳಿಗೆ ಇತ್ತು. ‘ರಾಗಿ ಮಾಲ್ಟ್, ರಕ್ತವರ್ಧಕ’ ಅಂತ ಪ್ಯಾಕೆಟ್ ಮೇಲೆ ಅಚ್ಚಾಗಿತ್ತು. ಹೇಗೆ ಮಾಡುತ್ತೀರಿ ಅಂತ ಕೇಳಿದೆ.

“ತೊಳೆದು, ಒಣಗಿಸಿ, ಘಮ್ ಅನ್ನೋ ಹಾಗೆ ಹುರಿದು, ಏಲಕ್ಕಿ ಹಾಕಿ ಬೀಸ್ತೀವಿ ಸಾರ್.”

“ಮೊಳಕೆ ಕಟ್ಟಲ್ವಾ?”

“ಅದಕ್ಕೆ ಮೂರು ದಿನ ಬೇಕು. ಕೊಳ್ಳೋರು ಕೊಡೋ ರೇಟು ಒಂದೇ.”

ಆ ಹೆಣ್ಣುಮಗಳ ಮೇಲೆ ನನಗೆ ಸಿಟ್ಟಿಲ್ಲ. ಆಕೆ ನಿಜ ಹೇಳಿದಳು. ಸಿಟ್ಟು ಇರುವುದು ಆ ಹೆಸರನ್ನು ಪ್ಯಾಕೆಟ್ ಮೇಲೆ ಹಾಕಿಸಿದವರ ಮೇಲೆ, ತರಬೇತಿ ಕೊಟ್ಟು ಈ ಒಂದು ಹೆಜ್ಜೆಯನ್ನು ಬಿಟ್ಟವರ ಮೇಲೆ. ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯ. ಬೇರೆ ಅರ್ಥ ಇಲ್ಲ. ಮೊಳಕೆ ಇಲ್ಲದ ರಾಗಿ ಮಾಲ್ಟ್ ಅಂದರೆ ಹುರಿದ ರಾಗಿ ಹಿಟ್ಟು. ನಮ್ಮ ಮನೆಗಳ ಹುರಿಹಿಟ್ಟೂ ಹುರಿದ ರಾಗಿಯದ್ದೇ, ಅದರ ರುಚಿಗೆ ನಾನೂ ಸೋತವನೇ. ಆದರೆ ಅದನ್ನು ಯಾರೂ ರಕ್ತವರ್ಧಕ ಅಂತ ಮಾರುತ್ತಿರಲಿಲ್ಲ.

ಕೊಂಡ ಪ್ಯಾಕೆಟ್ ನಿಜವಾದ ಮಾಲ್ಟೇ ಅಂತ ಮನೆಯಲ್ಲೇ ನೋಡಬಹುದು. ಎರಡು ಚಮಚ ಸಾದಾ ರಾಗಿ ಹಿಟ್ಟನ್ನು ಒಂದು ಲೋಟ ನೀರಲ್ಲಿ ಗಟ್ಟಿ ಗಂಜಿ ಕಾಯಿಸಿ. ಒಲೆಯಿಂದ ಇಳಿಸಿ ಐದಾರು ನಿಮಿಷ ಬಿಡಿ. ಕುದಿ ಆರಿರಬೇಕು, ಬಿಸಿ ಇರಬೇಕು. ಆಗ ಪ್ಯಾಕೆಟ್ ಪುಡಿ ಅರ್ಧ ಚಮಚ ಹಾಕಿ ತಿರುವಿ ಹತ್ತು ನಿಮಿಷ ಕಾಯಿರಿ. ಗಂಜಿ ನೀರಾದರೆ ಅದು ಮೊಳಕೆ ಹಿಟ್ಟು. ಮೊಳಕೆಯಲ್ಲಿ ಹುಟ್ಟುವ ಇನ್ನೊಂದು ಕಿಣ್ವ ಗಂಜಿಯ ಪಿಷ್ಟವನ್ನು ಕತ್ತರಿಸುವುದರಿಂದ ಹಾಗಾಗುತ್ತದೆ. ನೀರಾಗದೆ ಗಟ್ಟಿಯಾಗೇ ಉಳಿದರೆ ಎರಡರಲ್ಲಿ ಒಂದು: ಮೊಳಕೆಯೇ ಕಟ್ಟಿಲ್ಲ, ಇಲ್ಲವೇ ಮೊಳಕೆ ಕಟ್ಟಿದ ಮೇಲೆ ಜೋರಾಗಿ ಹುರಿದಿದ್ದಾರೆ. ಎರಡನೆಯದಾದರೆ ಫೈಟಿಕ್ ಆಮ್ಲದ ಮಟ್ಟಿಗೆ ನಷ್ಟವಿಲ್ಲ, ಮೊಳಕೆಯಲ್ಲಿ ಇಳಿದದ್ದು ಇಳಿದೇ ಇರುತ್ತದೆ. ಯಾವುದು ಅಂತ ಮಾರುವವರನ್ನೇ ಕೇಳಬೇಕು. ಕೇಳಿ, ಅದು ನಿಮ್ಮ ಹಕ್ಕು.

ಒಂದು ಕಿಲೋ ರಾಗಿ, ಮೂರು ನಾಲ್ಕು ದಿನ

ನಮ್ಮ ಮನೆಯಲ್ಲಿ ಅವ್ವ ಮಾಡುವ ರೀತಿ ಹೀಗಿದೆ. ಒಂದು ಕಿಲೋ ರಾಗಿಯನ್ನು ಕೇರಿ, ಕಲ್ಲು ಆರಿಸಿ, ನಾಲ್ಕು ನೀರಲ್ಲಿ ತೊಳೆಯುತ್ತಾಳೆ. ತೇಲುವ ಜೊಳ್ಳು ತೆಗೆಯುತ್ತಾಳೆ. ಸಂಜೆ ನೆನೆಹಾಕಿದರೆ ಬೆಳಗ್ಗೆವರೆಗೆ, ಅಂದರೆ ಹತ್ತು ಹನ್ನೆರಡು ಗಂಟೆ. ಮಲಗುವ ಮುಂಚೆ ಒಂದು ಸಲ ನೀರು ಬದಲು. ಬೆಳಗ್ಗೆ ಆ ನೀರು ಚೆಲ್ಲಿ, ಮತ್ತೊಮ್ಮೆ ತೊಳೆದು, ನೀರು ಪೂರ್ತಿ ಬಸಿದು ಒದ್ದೆ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟುತ್ತಾಳೆ. ಬಿಗಿಯಾಗಿ ಕಟ್ಟಿದರೆ ಗಾಳಿ ಆಡದೆ ಒಳಗೆ ಬಿಸಿ ಹತ್ತಿ ಕೊಳೆಯುತ್ತದೆ.

ದಿನಕ್ಕೆ ಮೂರು ಸಲ ನೀರು ಚಿಮುಕಿಸಿ ಕೈಯಾಡಿಸಬೇಕು. ಬೇಸಿಗೆಯಲ್ಲಿ ಒಂದೂವರೆ ದಿನ, ಚಳಿಗಾಲದಲ್ಲಿ ಎರಡು ದಿನದ ಮೇಲೆ. ಮೂತಿ ಒಡೆದ ಕೂಡಲೇ ನಿಲ್ಲಿಸಬೇಡಿ. ಕಾಲು ಅಂಗುಲದಷ್ಟು ಮೊಳಕೆ ಬರಲಿ, ಕಿಣ್ವಕ್ಕೆ ಕೆಲಸ ಮಾಡಲು ಸಮಯ ಬೇಕು. ಆಮೇಲೆ ಬಟ್ಟೆಯ ಮೇಲೆ ತೆಳುವಾಗಿ ಹರಡಿ ಚೆನ್ನಾದ ಬಿಸಿಲಲ್ಲಿ ಒಣಗಿಸಬೇಕು. ಹಲ್ಲಿಗೆ ಹಾಕಿದರೆ ಕಟುಕ್ ಅನ್ನಬೇಕು. ಅಂಗೈಲಿ ಉಜ್ಜಿ ಬೇರು ಉದುರಿಸಿ, ಕೇರಿ, ಸಣ್ಣ ಉರಿಯಲ್ಲಿ ವಾಸನೆ ಬರುವಷ್ಟು ಬೆಚ್ಚಗೆ ಮಾಡಿ ಬೀಸುವುದು. ಒಂದು ಕಿಲೋ ಹಾಕಿದರೆ ನೂರೈವತ್ತು ಇನ್ನೂರು ಗ್ರಾಂ ಕಡಿಮೆ ಬರುತ್ತದೆ.

ಕೆಡುವುದು ಎಲ್ಲಿ? ಮಳೆಗಾಲದಲ್ಲಿ ಬೂಷ್ಟು ಬರುತ್ತದೆ. ಆದರೆ ಬಿಳಿ ನೂಲು ಕಂಡ ಕೂಡಲೇ ಹೆದರಬೇಡಿ. ಬೇರಿನ ಸುತ್ತ ಮಾತ್ರ ಇದ್ದು, ನೀರು ಚಿಮುಕಿಸಿದ ಕೂಡಲೇ ಮಲಗಿಬಿಟ್ಟರೆ ಅದು ಬೇರಿನ ರೋಮ. ಕಾಳಿಂದ ಕಾಳಿಗೆ ಬಲೆ ಹೆಣೆದಿದ್ದರೆ, ಹಸಿರು ಕಪ್ಪು ಚುಕ್ಕೆ ಇದ್ದರೆ, ಮುಗ್ಗಲು ವಾಸನೆ ಬಂದರೆ ಅದು ಬೂಷ್ಟು. ಆರಿಸಿ ಉಳಿಸಿಕೊಳ್ಳಲು ಹೋಗಬೇಡಿ, ಅಷ್ಟನ್ನೂ ಎಸೆಯಿರಿ. ಮೋಡದ ದಿನಗಳಲ್ಲಿ ಈ ಕೆಲಸಕ್ಕೇ ಕೈಹಾಕದಿರುವುದು ಒಳ್ಳೆಯದು.

ಇನ್ನೊಂದು ಎಚ್ಚರ. ಬಿತ್ತನೆಗೆಂದು ತಂದ ರಾಗಿ, ಕಾಳಿಗೆ ಔಷಧಿ ಲೇಪಿಸಿರುತ್ತಾರೆ. ಬಣ್ಣ ಹತ್ತಿದ ಬೀಜವನ್ನು ಎಷ್ಟು ತೊಳೆದರೂ ತಿನ್ನಬಾರದು. ಊಟದ ರಾಗಿಯನ್ನೇ ತೆಗೆದುಕೊಳ್ಳಿ. ಮೊದಲು ನೂರು ಕಾಳು ಒದ್ದೆ ಬಟ್ಟೆಯಲ್ಲಿಟ್ಟು ನೋಡಿ. ತೊಂಬತ್ತರ ಹತ್ತಿರ ಮೊಳೆತರೆ ಸರಿ. ಅರ್ಧಕ್ಕರ್ಧ ಮೊಳೆಯದಿದ್ದರೆ ಮೊಳೆಯದ ಕಾಳೇ ಕೊಳೆತು ಉಳಿದದ್ದನ್ನೂ ಕೆಡಿಸುತ್ತದೆ.

ಇಷ್ಟು ಮಾಡಿದರೆ ಸಿಗುವುದೇನು? ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಿಳಿ ಮತ್ತು ಕೆಂಪು ರಾಗಿಯ ಮೇಲೆ ನಡೆಸಿದ ಅಧ್ಯಯನ 1988ರಲ್ಲೇ ಪ್ರಕಟವಾಗಿದೆ. ಮೊಳಕೆ ಕಟ್ಟಿದಾಗ ಫೈಟಿಕ್ ಆಮ್ಲವೂ ಟ್ಯಾನಿನ್ನೂ ಇಳಿದು, ಮೈಗೆ ಸಿಗಬಲ್ಲ ಕಬ್ಬಿಣ ಹೆಚ್ಚಿದ್ದನ್ನು ಅವರು ತೋರಿಸಿದರು. ಅದಾಗಿ ಮೂವತ್ತೈದು ವರ್ಷದ ಮೇಲಾಯಿತು. ನಮ್ಮ ಹೋಬಳಿಯ ಗೋಡೆ ಪೋಸ್ಟರಿನವರೆಗೆ ಆ ಮಾತು ಇನ್ನೂ ನಡೆದು ಬಂದಿಲ್ಲ.

ಅಂಬಲಿಯ ಗುಟ್ಟು, ಮುದ್ದೆಯ ಮಿತಿ

ಹಾಗಂತ ಮೊಳಕೆಯೊಂದೇ ಎಲ್ಲ ಮಾಡುತ್ತದೆ ಅಂತ ನಾನು ಹೇಳಿದರೆ ಅದೂ ಪ್ಯಾಕೆಟ್ಟಿನ ಸುಳ್ಳಿನ ಹಾಗೇ ಆಗುತ್ತದೆ. ಬರೀ ನೆನೆಸುವುದರಿಂದ ಇಡೀ ಕಾಳಿನಲ್ಲಿ ಇಳಿಯುವುದು ಸ್ವಲ್ಪವೇ. ಎರಡು ದಿನದ ಮೊಳಕೆಯಲ್ಲಿ ಹೆಚ್ಚುಕಡಿಮೆ ಅರ್ಧ ಇಳಿಯಿತು ಅಂತಿಟ್ಟುಕೊಳ್ಳಿ. ಐದಾರಿದ್ದ ಕಾವಲು ಮೂರಕ್ಕೆ ಬಂತು. ಒಂದಕ್ಕೆ ಇನ್ನೂ ದೂರ ಇದೆ.

ಉಳಿದ ದಾರಿಯನ್ನು ಹುಳಿ ನಡೆಸುತ್ತದೆ. ಮೊಳಕೆ ಹಿಟ್ಟು ಅರ್ಧ ಲೋಟ, ನೀರು ಎರಡು ಲೋಟ, ಹುಳಿ ಮಜ್ಜಿಗೆ ಒಂದು ಚಮಚ ಕದಡಿ ಮಣ್ಣಿನ ಮಡಕೆಯಲ್ಲಿ ಮುಚ್ಚಿಟ್ಟರೆ ಬೆಳಗಾಗುವಷ್ಟರಲ್ಲಿ ಸಣ್ಣ ಗುಳ್ಳೆ ಎದ್ದು ಹುಳಿ ವಾಸನೆ ಬರುತ್ತದೆ. ಆ ಹುಳಿಯಲ್ಲಿ ಫೈಟೇಸ್ ಚುರುಕಾಗುತ್ತದೆ. ಬೆಳಗ್ಗೆ ಕುದಿಯುವ ನೀರಿಗೆ ಇದನ್ನು ಹಾಕಿ ಹತ್ತು ನಿಮಿಷ ಚೆನ್ನಾಗಿ ಬೇಯಿಸಿದರೆ ಅಂಬಲಿ. ಈ ಕೆಲಸಕ್ಕೆ ಇಡುವ ಹಿಟ್ಟನ್ನು ಬೀಸುವ ಮುಂಚೆ ಹುರಿಯಬೇಡಿ, ಬಿಸಿಲಲ್ಲಿ ಒಣಗಿಸಿದ್ದೇ ಸಾಕು. ಮೊಳಕೆ ಹಿಟ್ಟು ಇಲ್ಲದಿದ್ದರೆ ಹುರಿಯದ ಸಾದಾ ಹಿಟ್ಟಿನಲ್ಲೂ ಮಾಡಬಹುದು, ಫಲ ಕಡಿಮೆ.

ಇಲ್ಲೂ ನಾವು ಹಿಂದುಮುಂದು ಮಾಡಿಕೊಂಡಿದ್ದೇವೆ. ಈಗ ಬಹಳ ಮನೆಗಳಲ್ಲಿ ಮೊದಲು ಅಂಬಲಿ ಕಾಯಿಸಿ, ಆರಿಸಿ, ಆಮೇಲೆ ಮಜ್ಜಿಗೆ ಬೆರೆಸುತ್ತಾರೆ. ಬಿಸಿಲಿಗೆ ತಂಪು, ಅಷ್ಟಕ್ಕೆ ಅದು ಸರಿ. ಆದರೆ ಕಿಣ್ವ ಕುದಿಯಲ್ಲೇ ಸತ್ತಿರುತ್ತದೆ. ಹುಳಿ ಬರಬೇಕಾದದ್ದು ಹಸಿ ಹಿಟ್ಟಿಗೆ, ಬೆಂದ ಗಂಜಿಗಲ್ಲ.

ಬಾಯಿಗೆ ಹೋಗುವ ಮುಂಚೆ ಅರ್ಧ ನಿಂಬೆಹಣ್ಣು ಹಿಂಡಿ. ನಿಂಬೆಯ ಸಿ ಜೀವಸತ್ವ ಉಳಿದ ಕಾವಲಿನ ಕೈಯಿಂದ ಕಬ್ಬಿಣವನ್ನು ಬಿಡಿಸಿಕೊಂಡು ಬರುತ್ತದೆ. ಒಲೆ ಮೇಲೆ ಹಿಂಡಬೇಡಿ, ಕಾವಿಗೆ ಅದು ಹಾಳಾಗುತ್ತದೆ. ಸೀಬೆಹಣ್ಣು, ನೆಲ್ಲಿಕಾಯಿ ಆದರೂ ಸರಿ. ಊಟದ ಹಿಂದೆಯೇ ಟೀ ಮಾತ್ರ ಬೇಡ, ಅದರ ಒಗರು ಕಬ್ಬಿಣವನ್ನು ಮತ್ತೆ ಹಿಡಿದು ಹಾಕುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ.

ಮುದ್ದೆಯ ಕಥೆ ಬೇರೆ. ಕುದಿಯುವ ಎಸರಿಗೆ ಒಣ ಹಿಟ್ಟು ಸುರಿದ ಕ್ಷಣವೇ ಕಿಣ್ವದ ಕಥೆ ಮುಗಿಯಿತು. ಮೊಳಕೆ ಹಿಟ್ಟಲ್ಲಿ ಮುದ್ದೆ ತಿರುವಲು ಹೋದರೆ ಅಂಟಂಟಾಗಿ ಕೈಗೆ ಮೆತ್ತುತ್ತದೆ, ಕಟ್ಟುವುದಿಲ್ಲ. ಆದ್ದರಿಂದ ಮುದ್ದೆಯನ್ನು ಅದರ ಪಾಡಿಗೆ ಬಿಡಿ, ಸಾರನ್ನು ಬದಲಿಸಿ. ಬೇಳೆ ಸಾರಿನ ಬದಲು ವಾರಕ್ಕೆ ಮೂರು ದಿನ ಹುರುಳಿಯದ್ದೋ ಹೆಸರುಕಾಳಿನದ್ದೋ ಅಲಸಂದೆಯದ್ದೋ ಮೊಳಕೆ ಸಾರು ಮಾಡಿ. ಬೇಳೆ ಒಡೆದರೆ ಫೈಟಿಕ್ ಆಮ್ಲ ಹೋಗುವುದಿಲ್ಲ. ಗೋಧಿ, ಭತ್ತದಲ್ಲಿ ಅದು ತೌಡಿನಲ್ಲಿದ್ದರೆ ಬೇಳೆಕಾಳಿನಲ್ಲಿ ಇರುವುದು ಬೇಳೆಯ ಒಳಗೇ. ಒಡೆದ ಬೇಳೆ ಮೊಳಕೆಯೂ ಬರುವುದಿಲ್ಲ. ಇಡೀ ಕಾಳನ್ನು ನೆನೆಸಿ, ಆ ನೀರು ಚೆಲ್ಲಿ, ಒಂದೆರಡು ದಿನ ಮೊಳಕೆ ಕಟ್ಟಿ, ಬೇಯಿಸಿ ತಿನ್ನಬೇಕು.

ಇನ್ನೊಂದು ಕಡೆಯ ಸುಳ್ಳು

ಈಗೀಗ ಮೊಬೈಲಿಗೆ ಬರುವ ವಿಡಿಯೋಗಳು ಉಲ್ಟಾ ಹಾಡುತ್ತವೆ: ‘ಧಾನ್ಯದಲ್ಲಿ ವಿಷ ಇದೆ, ರಾಗಿ ಬಿಡಿ, ಕಾಳು ಬಿಡಿ’. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ ಇದು. ಪಾಲಿಶ್ ಅಕ್ಕಿಯಲ್ಲಿ ಫೈಟಿಕ್ ಆಮ್ಲ ಕಡಿಮೆ ನಿಜ. ಅದು ತೌಡಿನ ಜೊತೆ ಹೋಗಿದೆ, ಅದರ ಜೊತೆ ಕಬ್ಬಿಣವೂ ಹೋಗಿದೆ. ಕಾವಲುಗಾರನೂ ಇಲ್ಲ, ಕಾಯುವುದಕ್ಕೆ ಏನೂ ಇಲ್ಲ. ಮಾಂಸ, ಮೊಟ್ಟೆ, ಸೊಪ್ಪು, ಹಣ್ಣು ದಿನಾ ತಿನ್ನುವ ಮನೆಗೆ ಫೈಟಿಕ್ ಆಮ್ಲ ದೊಡ್ಡ ತಲೆನೋವಲ್ಲ. ತಟ್ಟೆಯಲ್ಲಿ ಮುದ್ದೆ, ತಿಳಿಸಾರು ಬಿಟ್ಟರೆ ಬೇರೇನೂ ಇಲ್ಲದ ಮನೆಗೆ ಇದು ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ಇದು ಬಡವರ ಊಟದ ಪ್ರಶ್ನೆ.

2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 47.8 ಜನರಿಗೆ ರಕ್ತಹೀನತೆ ಇದೆ. ಇದರಲ್ಲಿ ರಾಗಿ ತಿನ್ನುವ ನಾಡಿನವರೂ ಇದ್ದಾರೆ. ಮುಟ್ಟಿನ ರಕ್ತಸ್ರಾವ, ಮೇಲಿಂದ ಮೇಲೆ ಹೆರಿಗೆ, ಕೊಕ್ಕೆಹುಳು, ಕಾರಣಗಳು ಇನ್ನೂ ಇವೆ. ಈಗಾಗಲೇ ರಕ್ತ ಕಡಿಮೆ ಇರುವವರು ಮೊಳಕೆ ಗಂಜಿ ನಂಬಿ ಮಾತ್ರೆ ಬಿಡಬಾರದು. ಕಬ್ಬಿಣದ ಮಾತ್ರೆ ನುಂಗಲೇಬೇಕು, ಅದನ್ನೂ ಹಾಲು ಟೀ ಜೊತೆ ಅಲ್ಲ, ನೀರಿನ ಜೊತೆ. ಗಂಜಿ ಅನ್ನುವುದು ಮತ್ತೆ ಕುಸಿಯದಂತೆ ದಿನದಿನದ ಆಸರೆ.

ಹಾಗಾದರೆ ಯಾರು ಮಾಡಬೇಕು?

ಇದನ್ನು ಓದಿ ಯಾರಾದರೂ ಮನೆ ಹೆಂಗಸಿಗೆ “ನಾಳೆಯಿಂದ ಮೊಳಕೆ ಕಟ್ಟು” ಅಂತ ಅಪ್ಪಣೆ ಕೊಟ್ಟರೆ ನಾನು ಬರೆದದ್ದು ವ್ಯರ್ಥ. ಬೆಳಗ್ಗೆ ಕೂಲಿಗೆ ಹೋಗಿ ಸಂಜೆ ಬರುವವಳು ದಿನಕ್ಕೆ ಮೂರು ಸಲ ನೀರು ಚಿಮುಕಿಸುವುದು ಯಾವಾಗ? ಈ ಹೆಜ್ಜೆ ನಮ್ಮ ಅಡುಗೆಮನೆಗಳಿಂದ ಬಿಟ್ಟುಹೋದದ್ದು ಸೋಮಾರಿತನಕ್ಕಲ್ಲ, ಸಮಯ ಇಲ್ಲದ್ದಕ್ಕೆ. ನೀರು ಚಿಮುಕಿಸುವುದು, ಬಿಸಿಲಿಗೆ ಹರಡುವುದು, ಬೀಸಿಸಿಕೊಂಡು ಬರುವುದು ಗಂಡಸಿನ ಕೈಗೂ ಬರುವ ಕೆಲಸವೇ.

ಊರಿನ ಮಟ್ಟದಲ್ಲಿ ಕೇಳಬೇಕಾದದ್ದು ಮೂರು. ಮೊಳಕೆ ಕಟ್ಟದ ಹಿಟ್ಟಿಗೆ ಮಾಲ್ಟ್ ಅಂತ ಹೆಸರು ಹಾಕಬಾರದು, ಕಟ್ಟಿದ್ದರೆ ‘ಮೊಳಕೆ ಕಟ್ಟಿದ್ದು’ ಅಂತ ಪ್ಯಾಕೆಟ್ ಮೇಲೆ ಬರೆಯಬೇಕು. ಸ್ವಸಹಾಯ ಸಂಘಗಳಿಂದ ಕೊಳ್ಳುವವರು ಆ ಮೂರು ದಿನದ ಕೆಲಸಕ್ಕೆ ಬೇರೆ ದರ ಕೊಡಬೇಕು. ಒಂದು ಸಂಘ ಒಂದೇ ಸಲಕ್ಕೆ ಐವತ್ತು ಕಿಲೋ ಮೊಳಕೆ ಕಟ್ಟಿದರೆ ಐವತ್ತು ಮನೆಗಳ ದುಡಿತ ಉಳಿಯುತ್ತದೆ. ಮೂರನೆಯದು ‘ರಾಗಿ ತಿನ್ನಿ’ ಅನ್ನುವ ಪೋಸ್ಟರಿಗೆ ಇನ್ನೊಂದು ಸಾಲು ಸೇರಬೇಕು: ‘ಮೊಳಕೆ ಕಟ್ಟಿ, ಹುಳಿ ಬರಿಸಿ, ಬೇಯಿಸಿ, ನಿಂಬೆ ಹಿಂಡಿ.’

ಅಷ್ಟಾಗುವವರೆಗೆ, ಶಿಬಿರದಲ್ಲಿ ಕೂತವರು ಎದುರಿಗೆ ನಿಂತ ಹೆಂಗಸನ್ನು ಗದರಬಾರದು. “ಮೂರು ಹೊತ್ತೂ ರಾಗೀನೇ” ಅಂತ ಆಕೆ ಹೇಳಿದರೆ, ಆ ಹಿಟ್ಟು ಬೆಂಕಿಗೆ ಮೊದಲು ನೀರು ಕಂಡಿತ್ತಾ ಅಂತ ಕೇಳಿ. ನಾನು ಅವತ್ತು ಕೇಳಬೇಕಾಗಿದ್ದ ಪ್ರಶ್ನೆಯೂ ಅದೇ.